ಮೊದಲ ಸ್ಮಾರ್ಟ್‌ಫೋನಿಗೆ ವರ್ಷದ ಲೆಕ್ಕ: ನನ್ನ ಅನುಭವ

ರಾಣೆಬೆನ್ನೂರಿನ ನನ್ನ ಮೊಬೈಲ್ ಅಂಗಡಿಗೆ ಕೀಪ್ಯಾಡ್ ಫೋನ್ ಬಿಟ್ಟು ಮೊದಲ ಸಲ ಸ್ಮಾರ್ಟ್‌ಫೋನ್ ಕೊಳ್ಳಲು ಬಂದವರಿಗೆ ನಾನು ಕ್ಯಾಮೆರಾ ತೋರಿಸುವ ಮೊದಲು ಒಂದು ಚೀಟಿ ಬರೆದುಕೊಡುತ್ತೇನೆ. ಫೋನಿನ ಬೆಲೆಗೆ ಒಂದು ಬ್ಯಾಟರಿಯ ಖರ್ಚು ಕೂಡಿಸಬೇಕು, ಕೊನೆಗೆ ಮಾರಿದರೆ ಬರುವ ದುಡ್ಡು ಕಳೆಯಬೇಕು, ಸೆಕ್ಯುರಿಟಿ ಅಪ್‌ಡೇಟ್ ಇನ್ನೆಷ್ಟು ವರ್ಷ ಬರುತ್ತದೋ ಅದರಿಂದ ಭಾಗಿಸಬೇಕು. "ಜನ ಇಎಂಐ ಎಷ್ಟು ಅಂತ ಕೇಳ್ತಾರ, ಅಪ್‌ಡೇಟ್ ಯಾರು ಕೇಳ್ತಾರ್ರೀ?" ಎಂದಿದ್ದ ಪಕ್ಕದ ಅಂಗಡಿಯವರೇ ಈಗ ಗಿರಾಕಿಗಳನ್ನು ಚೀಟಿ ಬರೆಸಲು ನನ್ನ ಹತ್ತಿರ ಕಳಿಸುತ್ತಾರೆ.

ಈ ಲೆಕ್ಕ ಹತೋಟಿಗೆ ಬರಲು ದಿನ ಹಿಡಿಯಿತು. ಕಂಪನಿಗಳು ಅಪ್‌ಡೇಟಿನ ವರ್ಷಗಳನ್ನು ಎಣಿಸುವುದು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ, ನಾವು ಬಿಲ್ ಹಾಕಿದ ದಿನದಿಂದಲ್ಲ. ಡಿಸ್ಕೌಂಟಿನಲ್ಲಿ ಸಿಗುವ ಹಳೆಯ ಮಾಡೆಲ್‌ಗಳು ಸೋಲುವುದು ಇಲ್ಲಿಯೇ. ಎಂಟೂವರೆ ಸಾವಿರದ ಒಂದು ಫೋನಿಗೆ ಎರಡು ವರ್ಷ ಅಪ್‌ಡೇಟ್ ಎಂದಿತ್ತು. ನನ್ನ ಕೈಗೆ ಬರುವಷ್ಟರಲ್ಲಿ ಆರು ತಿಂಗಳು ಕಳೆದಿತ್ತು. ಆ ಸ್ಟಾಕ್ ಖಾಲಿ ಮಾಡಲು ಕೈಯಿಂದ ನಾಲ್ಕೈದು ಸಾವಿರ ಬಿಟ್ಟೆ.

2025ರ ಶುರುವಿನಲ್ಲಿ ಹೊಲಿಗೆ ಕೆಲಸದ ಒಬ್ಬ ತಾಯಿ ಬಂದರು. ಬೆಂಗಳೂರಿನಲ್ಲಿರುವ ಮಗ ಐಫೋನ್ 13 ಕೊಡಿಸಲು ಹೊರಟಿದ್ದ, ಸುಮಾರು 43 ಸಾವಿರ. ಅವರ ಕಣ್ಣು ಆ ಎಂಟೂವರೆ ಸಾವಿರದ ಫೋನಿನ ಮೇಲಿತ್ತು. ನಾನು ನಡುವೆ ಗ್ಯಾಲಕ್ಸಿ ಎ16 5ಜಿ ಇಟ್ಟೆ, ಸುಮಾರು 18 ಸಾವಿರ. ಅದು 2024ರ ಕೊನೆಗೆ ಬಂದದ್ದು, ಆರು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಎಂದು ಸ್ಯಾಮ್‌ಸಂಗ್ ಹೇಳಿದೆ. ಬ್ಯಾಟರಿಗೆ ಎರಡು ಸಾವಿರ ಕೂಡಿಸಿ, ಮರುಮಾರಾಟಕ್ಕೆ ಒಂದು ಸಾವಿರ ಕಳೆದು, ಐದೂವರೆ ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಮೂರೂವರೆ ಸಾವಿರದ ಹತ್ತಿರ. ಅಗ್ಗದ ಫೋನು ಒಂದೂವರೆ ವರ್ಷಕ್ಕೆ ಹಂಚಿದಾಗ ವರ್ಷಕ್ಕೆ ಐದು ಸಾವಿರ ದಾಟಿತು!

ಐಫೋನಿನದ್ದು ಬೇರೆ ಕಥೆ. ಇಷ್ಟು ವರ್ಷ ಎಂದು ಆಪಲ್ ಪೆಟ್ಟಿಗೆಯ ಮೇಲೆ ಬರೆಯುವುದಿಲ್ಲ, ಹಿಂದಿನ ನಡೆ ನೋಡಿ ಅಂದಾಜು ಕಟ್ಟಬೇಕು. 2015ರ 6ಎಸ್‌ಗೆ 2021ರ ಐಓಎಸ್ 15 ಸಿಕ್ಕಿತು, ಅದಾದ ಮೇಲೂ ಸೆಕ್ಯುರಿಟಿ ತಿದ್ದುಪಡಿಗಳು ಬಂದವು. 2021ರ ಐಫೋನ್ 13ಕ್ಕೆ ಇನ್ನು ನಾಲ್ಕೂವರೆ ವರ್ಷ ಹಿಡಿದೆ. ಕಂಪನಿಯ ಬ್ಯಾಟರಿಗೆ ಹತ್ತು ಸಾವಿರದ ಆಸುಪಾಸು, ಮರುಮಾರಾಟಕ್ಕೆ ಎಂಟು ಸಾವಿರ. ವರ್ಷಕ್ಕೆ ಹತ್ತು ಸಾವಿರ ಬಿತ್ತು. ಐಕ್ಲೌಡ್‌ನಲ್ಲಿ ಪುಕ್ಕಟೆ ಜಾಗ ಐದೇ ಜಿಬಿ, ತುಂಬಿದ ಮೇಲೆ 50 ಜಿಬಿಗೆ ತಿಂಗಳಿಗೆ 75 ರೂಪಾಯಿ. ಗೂಗಲ್ 15 ಜಿಬಿ ಕೊಡುತ್ತದೆ.

ಆ್ಯಪ್‌ಗಳ ವಿಚಾರಕ್ಕೆ ಬಂದರೆ ವಾಟ್ಸಾಪ್, ಯುಪಿಐ, ಬ್ಯಾಂಕಿನವು ಎರಡರಲ್ಲೂ ಇವೆ. ಈ ತಾಯಿಗೆ ಬೇಕಿದ್ದದ್ದು ಕನ್ನಡ ಬರೆಯುವ ಸುಲಭ ದಾರಿ. ಐಫೋನಿನಲ್ಲೂ ಕನ್ನಡ ಕೀಬೋರ್ಡ್ ಇದೆ. ಆದರೆ ಆಂಡ್ರಾಯ್ಡ್‌ನ ಜಿಬೋರ್ಡ್‌ನಲ್ಲಿ ಕೈಬರಹ ಆನ್ ಮಾಡಿ "ಬ್ಲೌಸ್ ರೆಡಿ" ಎಂದು ಬೆರಳಲ್ಲಿ ಬರೆಯಲು ಹೇಳಿದೆ, ಅಕ್ಷರ ಸರಿಯಾಗಿ ಮೂಡಿತು. ಅಲ್ಲಿಗೆ ತೀರ್ಮಾನವಾಯಿತು. ಆಂಡ್ರಾಯ್ಡ್‌ನ ಅಪಾಯ ಎಪಿಕೆ ಫೈಲಿನದು, ಅಂದರೆ ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಆ್ಯಪ್ ಹಾಕುವ ಫೈಲು. ಮದುವೆ ಕರೆಯೋಲೆ ಎಂದು ವಾಟ್ಸಾಪ್‌ನಲ್ಲಿ ಬರುವ ಫೈಲ್ ಒತ್ತಿ ಇನ್‌ಸ್ಟಾಲ್ ಮಾಡಿದರೆ ಖಾತೆ ಖಾಲಿಯಾಗಬಹುದು. ಹಾಗಾಗಿ `Install unknown apps` ಒಳಗೆ ವಾಟ್ಸಾಪ್ ಮತ್ತು ಕ್ರೋಮ್ ಎರಡೂ ಆಫ್ ಇವೆಯೇ ಎಂದು ಗಿರಾಕಿಯ ಎದುರೇ ನೋಡಿ ಕೊಡುತ್ತೇನೆ.

ಅಪ್‌ಡೇಟ್ ನಿಂತ ಮೇಲೆ ಏನಾಗುತ್ತದೆಂದು ನೋಡಲು ಆಂಡ್ರಾಯ್ಡ್ 8ರ ಒಂದು ಫೋನನ್ನೂ ಒಂದು 6ಎಸ್ ಅನ್ನೂ ಚಾರ್ಜ್ ಮಾಡಿ ಇಟ್ಟಿದ್ದೇನೆ. ಆಂಡ್ರಾಯ್ಡ್‌ನಲ್ಲಿ ಸಿಸ್ಟಮ್ ಅಪ್‌ಡೇಟ್ ಎಂದೋ ನಿಂತಿದ್ದರೂ ಕ್ರೋಮ್ ಪ್ಲೇ ಸ್ಟೋರಿನಿಂದ ಹೊಸದಾಗುತ್ತಲೇ ಇತ್ತು, 2025ರಲ್ಲಿ ಅದೂ ನಿಂತಿತು. ಐಫೋನಿನ ಸಫಾರಿ ಬರುವುದು ಸಿಸ್ಟಮ್ ಜೊತೆಗೇ. ಹಾಗಾಗಿ ಸಿಸ್ಟಮ್ ನಿಂತ ಕಡೆ ಅದೂ ನಿಲ್ಲುತ್ತದೆ. ಎರಡರಲ್ಲೂ ಮೊದಲು ತಕರಾರು ತೆಗೆಯುವುದು ಬ್ಯಾಂಕಿನ ಆ್ಯಪ್, ವಾಟ್ಸಾಪ್ ಬಹಳ ದಿನ ಓಡುತ್ತದೆ.

ಐಫೋನ್ ಈ ಲೆಕ್ಕಕ್ಕೆ ನಿಲ್ಲುವ ಒಂದು ಸಂದರ್ಭವಿದೆ: ಮನೆಯವರು ಬಳಸಿದ್ದು ಪುಕ್ಕಟೆ ಬಂದಾಗ. ಒಬ್ಬರಿಗೆ ಮಗಳು ಕೊಟ್ಟ ಐಫೋನ್ 12 ಬಂತು. ಹೊಸ ಬ್ಯಾಟರಿಯ ಖರ್ಚನ್ನು ಮೂರು ವರ್ಷಕ್ಕೆ ಹಂಚಿದರೆ ಎ16ರ ಸಮಕ್ಕೆ ಬಂದು ನಿಂತಿತು. ಆದರೆ `Settings > General > About` ತೆರೆದು ಡಿಸ್‌ಪ್ಲೇ ಮುಂದೆ `Unknown Part` ಎಂದಿದ್ದರೆ, ಅಂದರೆ ಪರದೆ ಅಸಲಿ ಎಂಬ ಖಾತ್ರಿ ಇಲ್ಲದಿದ್ದರೆ, ಆ ಲೆಕ್ಕ ಕೈಬಿಡುತ್ತೇನೆ.

ಮರುಮಾರಾಟದ ಬೆಲೆಯನ್ನು ಇಷ್ಟು ಹತ್ತಿರ ಹೇಗೆ ಊಹಿಸುತ್ತೀರಿ ಎಂದು ಕೇಳುವವರಿದ್ದಾರೆ. ಅದು ನನ್ನ ಹೊಟ್ಟೆಪಾಡು, ಹೇಳುವುದಿಲ್ಲ. ಆಂಡ್ರಾಯ್ಡ್ ಕೊಳ್ಳುವವರು ಅಂಗಡಿಯಲ್ಲೇ `Android security update` ತಾರೀಖು ನೋಡಿ. ವೈಫೈಗೆ ಹಾಕಿ ಅಪ್‌ಡೇಟ್ ಮಾಡಿದ ಮೇಲೂ ನಾಲ್ಕೈದು ತಿಂಗಳು ಹಿಂದಿನ ತಾರೀಖೇ ಉಳಿದರೆ, ಪೆಟ್ಟಿಗೆಯ ಮೇಲೆ ಎಷ್ಟೇ ವರ್ಷ ಬರೆದಿರಲಿ, ನಾನು ಚೀಟಿಯಲ್ಲಿ ಒಂದು ವರ್ಷ ಕಡಿಮೆ ಹಿಡಿಯುತ್ತೇನೆ.