ಕೊಟ್ಟ ಪದವನ್ನು ಮೊದಲು ಮುಚ್ಚಿಡಿ

ಉಡುಪಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಸಂಜೆ ಇಂಗ್ಲಿಷ್ ಟ್ಯೂಷನ್ ಕೊಡುತ್ತೇನೆ. ಬರುವವರು ಹೆಚ್ಚಾಗಿ ಹೈಸ್ಕೂಲ್ ಮಕ್ಕಳು. ಜೊತೆಗೆ ಕೇಂಬ್ರಿಡ್ಜ್‌ನ ಬಿ2 ಫಸ್ಟ್ ಪರೀಕ್ಷೆಗೆ ಓದುವ ಕೆಲವು ಕಾಲೇಜಿನವರೂ ಇದ್ದಾರೆ. ಎಲ್ಲರಿಗೂ ತಲೆನೋವು ತರುವ ಪ್ರಶ್ನೆ ಒಂದೇ. ವಾಕ್ಯದಲ್ಲಿ ಒಂದು ಖಾಲಿ ಜಾಗ, ಪಕ್ಕದಲ್ಲಿ ಒಂದು ಮೂಲ ಪದ. ಆ ಪದದ ಶುರುವಿಗೋ ಕೊನೆಗೋ ಏನಾದರೂ ಸೇರಿಸಿ ಖಾಲಿ ಜಾಗಕ್ಕೆ ಹೊಂದಿಸಬೇಕು. ಬಿ2 ಫಸ್ಟ್‌ನಲ್ಲಿ ಇದು ರೀಡಿಂಗ್ ಆಂಡ್ ಯೂಸ್ ಆಫ್ ಇಂಗ್ಲಿಷ್ ಪೇಪರಿನ 3ನೇ ಭಾಗ. ಒಂದು ಚಿಕ್ಕ ಬರಹದಲ್ಲಿ 8 ಖಾಲಿ ಜಾಗ ಇರುತ್ತವೆ, ಒಂದೊಂದಕ್ಕೆ 1 ಅಂಕ.

ಗೈಡುಗಳಲ್ಲಿ ಇದಕ್ಕೆ ಸಿಗುವುದು ಉದ್ದ ಪಟ್ಟಿ. ನೆಸ್, ಮೆಂಟ್, ಷನ್ ಬಂದರೆ ನೌನ್. ಫುಲ್, ಲೆಸ್, ಅಸ್ ಬಂದರೆ ಅಡ್ಜೆಕ್ಟಿವ್. ಮಕ್ಕಳು ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. ಆದರೂ ತಪ್ಪುತ್ತಾರೆ. ಯಾಕೆಂದರೆ ಅವರ ಕಣ್ಣು ಮೊದಲು ಹೋಗುವುದು ಮೂಲ ಪದದ ಮೇಲೆ. ‘ಡಿಸೈಡ್’ ಕಂಡ ಕೂಡಲೇ ‘ಡಿಸಿಷನ್’ ಬರೆದು ಬಿಡುತ್ತಾರೆ. ವಾಕ್ಯ ಏನು ಕೇಳುತ್ತಿದೆ ಅಂತ ನೋಡುವುದೇ ಇಲ್ಲ.

ಹಾಗಾಗಿ ನನ್ನ ಕ್ಲಾಸಿನಲ್ಲಿ ಮೂಲ ಪದವನ್ನು ಬೆರಳಿನಿಂದ ಮುಚ್ಚಿಕೊಳ್ಳಬೇಕು. ಮೊದಲು ವಾಕ್ಯ ಓದಿ, ಖಾಲಿ ಜಾಗದ ಎಡಕ್ಕೆ ಏನಿದೆ, ಬಲಕ್ಕೆ ಏನಿದೆ ನೋಡಬೇಕು. ‘ಇಲ್ಲಿ ಎಂತ ಬೇಕು?’ ಅಂತ ನಾನು ಕೇಳುತ್ತೇನೆ. ನೌನ್, ವರ್ಬ್, ಅಡ್ಜೆಕ್ಟಿವ್, ಅಡ್ವರ್ಬ್, ಈ ನಾಲ್ಕರಲ್ಲಿ ಒಂದನ್ನು ಹೇಳಿದ ಮೇಲೆಯೇ ಬೆರಳು ತೆಗೆಯಬೇಕು.

ಇದನ್ನು ಕಲಿಸಲು ನಾನು ಒಂದೇ ಮೂಲ ಪದಕ್ಕೆ ಹಲವು ವಾಕ್ಯ ಮಾಡುತ್ತೇನೆ. ಮಲ್ಪೆಯ ಬಗ್ಗೆ ಬರೆದ ಮೂರು ವಾಕ್ಯ ನನಗೆ ಇಷ್ಟ. ಮೂರಕ್ಕೂ ಕೊಟ್ಟ ಪದ ‘ಡೇಂಜರ್’.

ಮೊದಲನೆಯದು: ‘ಇನ್ ಜೂನ್ ದ ಸೀ ಅಟ್ ಮಲ್ಪೆ ಇಸ್ ____ ರಫ್.’ ಎಡಕ್ಕೆ ‘ಇಸ್’ ಇದೆ ಅಂತ ಅರ್ಧ ಮಕ್ಕಳು ‘ಡೇಂಜರಸ್’ ಬರೆಯುತ್ತಾರೆ. ಆದರೆ ಬಲಕ್ಕೆ ‘ರಫ್’ ಕೂತಿದೆ. ಸಮುದ್ರ ಹೇಗಿದೆ ಅನ್ನುವುದಕ್ಕೆ ಉತ್ತರ ಆಗಲೇ ಸಿಕ್ಕಿದೆ, ರಫ್ ಆಗಿದೆ. ಇನ್ನು ಬೇಕಾದದ್ದು ಎಷ್ಟು ರಫ್ ಅನ್ನುವುದು. ಅಡ್ಜೆಕ್ಟಿವ್‌ಗೆ ಹೀಗೆ ಒತ್ತು ಕೊಡುವುದು ಅಡ್ವರ್ಬ್. ಅಂದರೆ ಎರಡು ಮೆಟ್ಟಿಲು ಹತ್ತಬೇಕು. ಡೇಂಜರ್‌ನಿಂದ ಡೇಂಜರಸ್, ಅಲ್ಲಿಂದ ‘ಡೇಂಜರಸ್ಲಿ’. ಒಂದೇ ಮೆಟ್ಟಿಲಿಗೆ ನಿಂತವರು ಅಂಕ ಕಳೆದುಕೊಳ್ಳುತ್ತಾರೆ.

ಎರಡನೆಯದು: ‘ಎ ಟ್ರಿಪ್ ನೌ ವುಡ್ ____ ದ ಹೋಲ್ ಕ್ರೂ.’ ಎಡಕ್ಕೆ ‘ವುಡ್’, ಬಲಕ್ಕೆ ‘ದ ಹೋಲ್ ಕ್ರೂ’. ವಾಕ್ಯದಲ್ಲಿ ಮುಖ್ಯ ವರ್ಬೇ ಇಲ್ಲ, ಬೇಕಾದದ್ದು ಅದೇ. ಈಗ ಬೆರಳು ತೆಗೆದರೆ ‘ಡೇಂಜರ್’ ಅನ್ನುವ ನೌನ್ ಕಾಣುತ್ತದೆ. ಪಟ್ಟಿ ಕಲಿತ ಮಕ್ಕಳು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕೊನೆಗೆ ಐಸ್ ಸೇರಿಸಿ ನೋಡುತ್ತಾರೆ, ಫೈ ಸೇರಿಸಿ ನೋಡುತ್ತಾರೆ. ಯಾವುದೂ ಕೂರುವುದಿಲ್ಲ. ಉತ್ತರ ಇರುವುದು ಪದದ ಶುರುವಿನಲ್ಲಿ. ‘ಎನ್‌ಡೇಂಜರ್’, ಅಪಾಯಕ್ಕೆ ಒಡ್ಡು ಅಂತ.

ಮೂರನೆಯದು ಎರಡನೆಯದರ ಮುಂದುವರಿಕೆ: ‘ಸಮ್ ಸೀ ಟರ್ಟಲ್ಸ್ ಆರ್ ಆನ್ ____ ಸ್ಪೀಶೀಸ್.’ ಬಲಕ್ಕೆ ನೌನ್ ಇದೆ, ಹಾಗಾಗಿ ಬೇಕಾದದ್ದು ಅಡ್ಜೆಕ್ಟಿವ್. ‘ಡೇಂಜರಸ್’ ಕೂಡ ಅಡ್ಜೆಕ್ಟಿವೇ. ಆದರೆ ಆಮೆ ಅಪಾಯಕಾರಿಯಲ್ಲ, ಅಪಾಯದಲ್ಲಿದೆ. ಶುರುವಿಗೆ ಎನ್, ಕೊನೆಗೆ ಇಡಿ ಸೇರಿಸಿದರೆ ‘ಎನ್‌ಡೇಂಜರ್ಡ್’. ಖಾಲಿ ಜಾಗದ ಮೊದಲು ‘ಎ’ ಬದಲು ‘ಆನ್’ ಇರುವುದೂ ಒಂದು ಸುಳಿವು. ಮುಂದಿನ ಪದ ಸ್ವರದಿಂದ ಶುರುವಾಗಬೇಕು. ‘ಡೇಂಜರಸ್’ ಆಗಿದ್ದರೆ ಅಲ್ಲಿ ‘ಎ’ ಇರುತ್ತಿತ್ತು. ಈ ಸುಳಿವನ್ನು ಹಿಡಿಯುವ ಮಕ್ಕಳು ಕಡಿಮೆ.

ಎನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಂಗ್ಲಿಷಿನ ಹೆಚ್ಚಿನ ಪ್ರಿಫಿಕ್ಸ್‌ಗಳು ಅರ್ಥವನ್ನು ಬದಲಿಸುತ್ತವೆ, ಪದದ ಜಾತಿಯನ್ನಲ್ಲ. ‘ಹ್ಯಾಪಿ’ ಅಡ್ಜೆಕ್ಟಿವ್, ‘ಅನ್‌ಹ್ಯಾಪಿ’ಯೂ ಅಡ್ಜೆಕ್ಟಿವ್. ‘ಅಗ್ರೀ’ ವರ್ಬ್, ‘ಡಿಸ್‌ಅಗ್ರೀ’ಯೂ ವರ್ಬ್. ಅದಕ್ಕೇ ಮಕ್ಕಳಿಗೆ ಜಾತಿ ಬದಲಿಸುವುದು ಸಫಿಕ್ಸ್ ಮಾತ್ರ ಅನ್ನುವ ಭಾವನೆ ಬಂದಿರುತ್ತದೆ. ಎನ್ ಹಾಗಲ್ಲ. ‘ಏಬಲ್’, ‘ಲಾರ್ಜ್’, ‘ರಿಚ್’ ಅಡ್ಜೆಕ್ಟಿವ್‌ಗಳು. ಎನ್ ಸೇರಿದರೆ ‘ಎನೇಬಲ್’, ‘ಎನ್‌ಲಾರ್ಜ್’, ‘ಎನ್‌ರಿಚ್’, ಎಲ್ಲ ವರ್ಬ್. ‘ಕರೇಜ್’ ನೌನ್, ‘ಎನ್‌ಕರೇಜ್’ ವರ್ಬ್. ಬಿ ಅಥವಾ ಪಿ ಮುಂದೆ ಬಂದರೆ ಎನ್ ಎಂಬುದು ಎಮ್ ಆಗುತ್ತದೆ: ‘ಎಂಪವರ್’, ‘ಎಂಬಾಡಿ’. ‘ಬಿ’ ಅನ್ನುವ ಇನ್ನೊಂದು ಪ್ರಿಫಿಕ್ಸ್ ಕೂಡ ಇದೇ ಕೆಲಸ ಮಾಡುತ್ತದೆ, ‘ಫ್ರೆಂಡ್’ನಿಂದ ‘ಬಿಫ್ರೆಂಡ್’. ಆದರೆ ಪರೀಕ್ಷೆಗೆ ಬೇಕಾಗುವಂಥದ್ದು ಅದರಲ್ಲಿ ಕಡಿಮೆ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನು ಹಿಡಿಯುವಂತಿಲ್ಲ ಅಲ್ವಾ? ಅದನ್ನೇ ಇಟ್ಟು ಒಂದು ವಾಕ್ಯ ಮಾಡಿದ್ದೇನೆ: ‘ಎವ್ರಿ ಇಯರ್ ದ ಬ್ಯಾನ್ ____ ಫಿಶ್ ಟು ಬ್ರೀಡ್.’ ಮೂಲ ಪದ ‘ಏಬಲ್’. ವರ್ಬ್ ಬೇಕು, ಎನ್ ಬೇಕು ಅನ್ನುವಷ್ಟು ಗೊತ್ತಾದವರೂ ‘ಎನೇಬಲ್’ ಅಂತ ಬರೆದು ನಿಲ್ಲಿಸುತ್ತಾರೆ. ‘ದ ಬ್ಯಾನ್’ ಒಂದೇ, ಮಾತು ಪ್ರತಿ ವರ್ಷದ್ದು, ಹಾಗಾಗಿ ಕೊನೆಗೆ ಎಸ್ ಬೇಕು: ‘ಎನೇಬಲ್ಸ್’. ಜಾತಿ ಸರಿಯಾದ ಮೇಲೂ ಏಕವಚನ ಬಹುವಚನ, ಕಾಲ ಎರಡನ್ನೂ ನೋಡಲೇಬೇಕು. ನೌನ್‌ಗೂ ಇದೇ ಮಾತು. ಖಾಲಿ ಜಾಗದ ಮೊದಲು ‘ಮೆನಿ’ ಇದ್ದರೆ ‘ಡಿಸಿಷನ್’ ಸಾಲದು, ‘ಡಿಸಿಷನ್ಸ್’ ಬೇಕು.

ಮಕ್ಕಳಿಗೆ ಅಡ್ಜೆಕ್ಟಿವ್, ಅಡ್ವರ್ಬ್ ಗುರುತು ಹಿಡಿಯಲು ನಾನು ಕನ್ನಡದ ‘ಆದ’ ಮತ್ತು ‘ಆಗಿ’ಯನ್ನು ಬಳಸುತ್ತೇನೆ. ‘ಸುಂದರವಾದ ಮನೆ’ ಅಂದರೆ ಅಡ್ಜೆಕ್ಟಿವ್, ‘ಸುಂದರವಾಗಿ ಕುಣಿದಳು’ ಅಂದರೆ ಅಡ್ವರ್ಬ್, ಕೊನೆಗೆ ಎಲ್‌ವೈ. ಮಕ್ಕಳಿಗೆ ಕೂಡಲೇ ಹಿಡಿಸುತ್ತದೆ. ಆದರೆ ಈ ಉಪಾಯ ಒಂದು ಕಡೆ ಕೈಕೊಡುತ್ತದೆ, ಅದನ್ನೂ ಅದೇ ದಿನ ಹೇಳಿಬಿಡಬೇಕು. ‘ದ ಬ್ರೈಡ್ ಲುಕ್ಡ್ ____’, ಮೂಲ ಪದ ‘ಬ್ಯೂಟಿ’. ಕನ್ನಡದಲ್ಲಿ ‘ಮದುಮಗಳು ಸುಂದರವಾಗಿ ಕಂಡಳು’ ಅನ್ನುತ್ತೇವೆ. ‘ಆಗಿ’ ಬಂತಲ್ಲ ಅಂತ ಮಕ್ಕಳು ‘ಬ್ಯೂಟಿಫುಲ್ಲಿ’ ಬರೆಯುತ್ತಾರೆ. ಇಂಗ್ಲಿಷಿಗೆ ಬೇಕಾದದ್ದು ‘ಬ್ಯೂಟಿಫುಲ್’. ಲುಕ್, ಫೀಲ್, ಸ್ಮೆಲ್, ಟೇಸ್ಟ್, ಸೌಂಡ್, ಬಿಕಮ್, ಸೀಮ್, ಇವುಗಳ ಮುಂದೆ ಆಳಿನ ಅಥವಾ ವಸ್ತುವಿನ ಗುಣ ಹೇಳುವಾಗ ಅಡ್ಜೆಕ್ಟಿವ್ ಬರುತ್ತದೆ.

ಇದನ್ನು ಪರೀಕ್ಷಿಸಿ ನೋಡುವುದು ಸುಲಭ. ಆ ವರ್ಬ್ ತೆಗೆದು ‘ವಾಸ್’ ಹಾಕಿ ಓದಿ. ‘ದ ಬ್ರೈಡ್ ವಾಸ್ ಬ್ಯೂಟಿಫುಲ್’ ಸರಿಯಾಗಿ ನಿಲ್ಲುತ್ತದೆ, ಹಾಗಾಗಿ ಅಡ್ಜೆಕ್ಟಿವ್. ‘ದ ಬ್ರೈಡ್ ಡಾನ್ಸ್ಡ್ ____’ ಅನ್ನುವಲ್ಲಿ ‘ವಾಸ್’ ಹಾಕಿದರೆ ಕುಣಿತವೇ ಹೋಯಿತು, ಹಾಗಾಗಿ ಅಡ್ವರ್ಬ್. ‘ಹಿ ಲುಕ್ಡ್ ____ ಅಟ್ ದ ಮ್ಯಾಪ್’, ಮೂಲ ಪದ ‘ಕೇರ್‌ಫುಲ್’, ಅನ್ನುವುದೂ ಹಾಗೆಯೇ. ಇಲ್ಲಿ ಲುಕ್ ಅಂದರೆ ಕಾಣುವುದಲ್ಲ, ನೋಡುವ ಕೆಲಸ. ‘ವಾಸ್’ ಹಾಕಿದರೆ ವಾಕ್ಯ ಕೆಡುತ್ತದೆ. ಉತ್ತರ ‘ಕೇರ್‌ಫುಲ್ಲಿ’.

ಸಫಿಕ್ಸ್ ನೋಡಿ ಜಾತಿ ಹೇಳುವುದೂ ಯಾವಾಗಲೂ ನಂಬಿಕೆಗೆ ಅರ್ಹವಲ್ಲ. ಎಲ್‌ವೈ ಬಂದದ್ದೆಲ್ಲ ಅಡ್ವರ್ಬ್ ಅಲ್ಲ. ‘ಫ್ರೆಂಡ್ಲಿ’, ‘ಕಾಸ್ಟ್ಲಿ’, ‘ಲವ್ಲಿ’ ಅಡ್ಜೆಕ್ಟಿವ್‌ಗಳು. ‘ನ್ಯಾಷನಲ್’ ಅಡ್ಜೆಕ್ಟಿವ್, ಅದೇ ಎಎಲ್‌ನಲ್ಲಿ ಮುಗಿಯುವ ‘ಅರೈವಲ್’ ನೌನ್. ‘ವುಡನ್’ ಅಡ್ಜೆಕ್ಟಿವ್, ‘ವೈಡನ್’ ವರ್ಬ್. ಇನ್ನು ಯಾವ ವರ್ಬ್‌ಗೆ ಯಾವ ಸಫಿಕ್ಸ್ ಅನ್ನುವುದಕ್ಕೆ ಎಲ್ಲ ಕಡೆ ನಡೆಯುವ ಸೂತ್ರ ಇಲ್ಲವೇ ಇಲ್ಲ. ಅರೈವ್‌ಗೆ ‘ಅರೈವಲ್’, ಡಿಪಾರ್ಟ್‌ಗೆ ‘ಡಿಪಾರ್ಚರ್’, ಅಪಿಯರ್‌ಗೆ ‘ಅಪಿಯರೆನ್ಸ್’. ಇಲ್ಲಿ ಊಹೆ ಸಾಗುವುದಿಲ್ಲ. ಒಂದೊಂದು ಮೂಲ ಪದಕ್ಕೆ ನೋಟ್‌ಬುಕ್‌ನಲ್ಲಿ ಒಂದು ಸಾಲು ಇಟ್ಟು, ನಾಲ್ಕು ಜಾತಿಯ ರೂಪಗಳನ್ನೂ ಡಿಕ್ಷನರಿ ನೋಡಿ ಬರೆಸುತ್ತೇನೆ. ರೂಪ ಇಲ್ಲದ ಕಡೆ ಅಡ್ಡಗೆರೆ ಹಾಕಿಸುತ್ತೇನೆ. ಸ್ಪೆಲ್ಲಿಂಗ್ ಕೂಡ ಅಲ್ಲೇ ಕಲಿಯಬೇಕು. ಬಿ2 ಫಸ್ಟ್‌ನಲ್ಲಿ ಸ್ಪೆಲ್ಲಿಂಗ್ ತಪ್ಪಿದರೆ ಅಂಕ ಇಲ್ಲ. ‘ಬ್ಯೂಟಿಫುಲ್’ನಲ್ಲಿ ವೈ ಹೋಗಿ ಐ ಬರುತ್ತದೆ, ಕೊನೆಗೆ ಒಂದೇ ಎಲ್. ‘ಬ್ಯೂಟಿಫುಲ್ಲಿ’ ಆದಾಗ ಎರಡು ಎಲ್.

ಪ್ರಶ್ನೆ ಮಾಡುವವರಿಗೂ ಒಂದು ಮಾತು, ಯಾಕೆಂದರೆ ಅಂಗಡಿಯಲ್ಲಿ ಸಿಗುವ ವರ್ಕ್‌ಬುಕ್‌ಗಳಲ್ಲೂ ಇದು ಕೆಟ್ಟಿರುತ್ತದೆ. ‘ದ ಬಸ್ ಡ್ರೈವರ್ ವಾಸ್ ____’, ಮೂಲ ಪದ ‘ಕೇರ್’. ‘ಟೀಚರ್, ಕೇರ್‌ಫುಲ್, ಕೇರ್‌ಲೆಸ್ ಎರಡೂ ಆಗ್ತದಲ್ಲ?’ ಅಂತ ಮಕ್ಕಳು ಕೇಳಿದರೆ ಅವರು ಹೇಳುವುದೇ ಸರಿ. ಇಲ್ಲಿ ಜಾತಿ ಒಂದೇ, ಅರ್ಥ ಮಾತ್ರ ಎರಡು ಕಡೆಗೂ ವಾಲುತ್ತದೆ. ಒಂದು ಕಾರಣ ಸೇರಿಸಬೇಕು: ‘ದ ಬಸ್ ಡ್ರೈವರ್ ವಾಸ್ ಸೋ ____ ದಟ್ ಹಿ ಹಿಟ್ ಟೂ ಪಾರ್ಕ್ಡ್ ಸ್ಕೂಟರ್ಸ್.’ ಈಗ ‘ಕೇರ್‌ಲೆಸ್’ ಮಾತ್ರ ಆಗುತ್ತದೆ. ‘ಬಟ್’, ‘ಆಲ್ದೋ’, ‘ಬಿಕಾಸ್’ ಹಾಕಿದರೂ ಇದೇ ಕೆಲಸ ಆಗುತ್ತದೆ. ಉತ್ತರ ಬರೆಯುವ ಮಕ್ಕಳಿಗೂ ಇದನ್ನೇ ತಿರುಗಿಸಿ ಹೇಳುತ್ತೇನೆ. ಜಾತಿ ಗೊತ್ತಾದ ಮೇಲೆ ಇಂಥ ಪದ ಇದೆಯಾ ಅಂತ ವಾಕ್ಯದ ಕೊನೆಯವರೆಗೂ ಓದಿ ನೋಡಿ. ಎಷ್ಟೋ ಸಲ ಅನ್, ಇನ್, ಡಿಸ್ ಬೇಕು ಅನ್ನುವುದು ಖಾಲಿ ಜಾಗದ ಹತ್ತಿರ ಗೊತ್ತಾಗುವುದಿಲ್ಲ. ಮುಂದಿನ ಸಾಲಿನಲ್ಲಿ ಗೊತ್ತಾಗುತ್ತದೆ.