ಗಾಯಗಳ ಲೆಕ್ಕ: ಎಲ್‌ಟಿಐಎಫ್‌ಆರ್ ಹಾಕುವುದು ಹೇಗೆ?

ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಗುತ್ತಿಗೆಯವರೂ ಸೇರಿ 120 ಕಾರ್ಮಿಕರಿರುವ ಒಂದು ಫೌಂಡ್ರಿಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ವರ್ಷದ ಕೊನೆಗೆ ಹಾಕುವ ಎಲ್‌ಟಿಐಎಫ್‌ಆರ್, ಅಂದರೆ ಹತ್ತು ಲಕ್ಷ ಗಂಟೆಗಳ ದುಡಿಮೆಗೆ ಎಷ್ಟು ಗಾಯಗಳು ಕೆಲಸ ತಪ್ಪಿಸಿದವು ಎಂಬ ದರ, ಆಗಿಹೋದದ್ದನ್ನು ಹೇಳುವ ಲ್ಯಾಗಿಂಗ್ ಸೂಚಕ. ಅಪಘಾತಕ್ಕೆ ಮೊದಲೇ ಕೈಗೆ ಸಿಗುವ ಮಾಹಿತಿ ಲೀಡಿಂಗ್ ಸೂಚಕ.

ಮೊದಲು ದುಡಿದ ಗಂಟೆಗಳನ್ನು ಹಿಡಿಯಬೇಕು. 120 ಜನ, ದಿನಕ್ಕೆ 8 ಗಂಟೆ, 300 ದಿನ ಎಂದರೆ 2,88,000 ಗಂಟೆಗಳಾಗುತ್ತವೆ. ಆದರೆ ಅಡಿಕೆ ಕೊಯ್ಲಿನ ಕಾಲದಲ್ಲಿ ಊರಿಗೆ ಹೋದವರ ರಜೆಯೂ ಸೇರಿ ಹಾಜರಿ ಪುಸ್ತಕದಲ್ಲಿ 18,000 ಗಂಟೆಗಳ ಗೈರುಹಾಜರಿಯಿದೆ. ಅದನ್ನು ಕಳೆದು, 10,000 ಗಂಟೆಗಳ ಓವರ್‌ಟೈಮ್ ಕೂಡಿಸಿದರೆ 2,80,000 ಉಳಿಯುತ್ತದೆ.

ಮುಂದಿನದು ಗಾಯಗಳ ಎಣಿಕೆ. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ. ರಿಜಿಸ್ಟರಿನಲ್ಲಿ 15 ಗಾಯಗಳಿವೆ. ಪ್ರಥಮ ಚಿಕಿತ್ಸೆ ಪಡೆದು ಮರುದಿನ ಎಂದಿನಂತೆ ಕೆಲಸಕ್ಕೆ ಬಂದವರು 8 ಜನ. ಅವರು ಈ ಎಣಿಕೆಗೆ ಸೇರುವುದಿಲ್ಲ. ಐವರು 48 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸ ಮಾಡಲಾಗದೆ ಉಳಿದರು. ಇನ್ನಿಬ್ಬರು ಒಂದೇ ದಿನ ಮನೆಯಲ್ಲಿದ್ದರು. ಕಾನೂನಿನ ಪ್ರಕಾರ ಕಾರ್ಖಾನೆಗಳ ಇಲಾಖೆಗೆ ತಿಳಿಸಬೇಕಾದದ್ದು 48 ಗಂಟೆಯ ಗಾಯ ಎಂಬ ಕಾರಣಕ್ಕೆ ಈ ಇಬ್ಬರನ್ನು ಕೈಬಿಡುವ ರೂಢಿ ಕೆಲವೆಡೆ ಇದೆ, ಅದು ಸರಿಯಲ್ಲ. ಭಾರತೀಯ ಮಾನಕ ಐಎಸ್ 3786 ಪ್ರಕಾರ, ಅಪಘಾತ ನಡೆದ ದಿನ ಅಥವಾ ಪಾಳಿ ದಾಟಿಯೂ ಕೆಲಸ ಮಾಡಲು ಆಗದಿದ್ದರೆ ಅದು ಎಲ್‌ಟಿಐ, ಅಂದರೆ ಕೆಲಸ ತಪ್ಪಿಸಿದ ಗಾಯ. ಆದ್ದರಿಂದ ಎಣಿಕೆ 7.

```
LTIFR = 7 × 10,00,000 ÷ 2,80,000 = 25
```

ಐದೇ ಗಾಯಗಳನ್ನು ಹಿಡಿದಿದ್ದರೆ 17.86 ಬರುತ್ತಿತ್ತು. ಅಮೆರಿಕದ ಪದ್ಧತಿಯಂತೆ ಗುಣಕ ಹತ್ತು ಲಕ್ಷದ ಬದಲು 2,00,000 ಆದರೆ ಇದೇ ಕಾರ್ಖಾನೆಯ ದರ 5 ಎಂದು ಕಾಣುತ್ತದೆ. ಆದ್ದರಿಂದ ಬೇರೊಂದು ಘಟಕದ ಜೊತೆ ಹೋಲಿಸುವ ಮುನ್ನ ಅವರ ಗುಣಕವನ್ನು ಕೇಳಿ ತಿಳಿಯಬೇಕು. ಇಷ್ಟು ಸಣ್ಣ ಘಟಕದಲ್ಲಿ ಒಂದು ಗಾಯ ಹೆಚ್ಚುಕಡಿಮೆಯಾದರೂ ದರ 3.57ರಷ್ಟು ಏರಿಳಿಯುತ್ತದೆ. ಹಾಗಾಗಿ ಮುಂದಿನ ವರ್ಷ 21.4 ಬಂದ ಮಾತ್ರಕ್ಕೆ ಸುರಕ್ಷತೆ ಸುಧಾರಿಸಿತೆಂದು ನಾನು ಒಪ್ಪುವುದಿಲ್ಲ.

ಸುಧಾರಣೆಯ ಸುಳಿವು ಎರಕದ ತುಂಡುಗಳನ್ನು ಉಜ್ಜಿ ನಯಗೊಳಿಸುವ ಫೆಟ್ಲಿಂಗ್ ಶಾಪಿನಲ್ಲಿ ಸಿಗುತ್ತದೆ. ಗ್ರೈಂಡರಿನ ಕಲ್ಲು ಸವೆದಂತೆ ಅದಕ್ಕೂ ಕೆಲಸದ ತುಂಡನ್ನು ಊರುವ ರೆಸ್ಟಿಗೂ ನಡುವಿನ ಸಂದು ಅಗಲವಾಗುತ್ತದೆ. ಅದು 3 ಮಿಲಿಮೀಟರ್ ದಾಟಿದರೆ ತುಂಡು ಒಳಕ್ಕೆ ಸಿಕ್ಕಿ, ಬೆರಳನ್ನೂ ಎಳೆದುಕೊಳ್ಳಬಹುದು. ವಾರಕ್ಕೊಮ್ಮೆ ಈ ಸಂದನ್ನು ಅಳೆಯುವ ಯೋಜನೆಯಿದ್ದು, 52 ವಾರಗಳಲ್ಲಿ 39 ಬಾರಿ ಮಾತ್ರ ಅಳೆದಿದ್ದರೆ ಆ ಶೇ 75 ಲೀಡಿಂಗ್ ಸೂಚಕವಾಗುತ್ತದೆ. ಅಳೆದಾಗ ಎಷ್ಟು ಬಾರಿ ಸಂದು ಮಿತಿ ಮೀರಿತ್ತು, ಅದನ್ನು ಅಂದೇ ಸರಿಪಡಿಸಲಾಯಿತೇ ಎಂಬುದನ್ನೂ ಪಕ್ಕದಲ್ಲೇ ಬರೆಯಬೇಕು. ಇಲ್ಲದಿದ್ದರೆ ಅಳತೆಪಟ್ಟಿಯನ್ನೇ ಹಿಡಿಯದೆ ಸಹಿ ಹಾಕಿದ ಹಾಳೆಯೂ ಶೇ 100 ತೋರಿಸುತ್ತದೆ.