94 ಅಂಕದ ವೈನ್ ಮತ್ತು ಕೋಳಿಸಾರು

ಕ್ಯಾಲಿಫೋರ್ನಿಯಾಕ್ಕೆ ಬಂದ ಹೊಸದರಲ್ಲಿ ನಾನು ವೈನ್ ಕೊಳ್ಳುತ್ತಿದ್ದುದು ಅಂಗಡಿಯ ಕಪಾಟಿನಲ್ಲಿ ಬೆಲೆಚೀಟಿಯ ಪಕ್ಕ ಅಂಟಿಸಿದ ಅಂಕವನ್ನು ನೋಡಿಯೇ. ಹಾಗೆ ಒಮ್ಮೆ 94 ಅಂಕ ಪಡೆದ, ಮೂರೇ ವರ್ಷ ಹಳೆಯದಾದ ನಾಪಾ ಕಣಿವೆಯ ಕೆಂಪು ವೈನ್ ಕ್ಯಾಬರ್ನೆ ಸೊವಿನ್ಯೋನ್‌ನ ಆರು ಬಾಟಲಿಗಳನ್ನು ತಂದು, ಮೊದಲನೆಯದನ್ನು ಖಾರವಾದ ಕೋಳಿಸಾರಿನ ಊಟಕ್ಕೆ ತೆರೆದೆ. ನಾಲಗೆ ಒಣಗುವಷ್ಟು ಒಗರಾಗಿದ್ದ ಆ ವೈನ್‌ನಲ್ಲಿ ಶೇಕಡಾ 15ರಷ್ಟು ಆಲ್ಕೋಹಾಲ್ ಇದ್ದುದರಿಂದ ಮೆಣಸಿನಕಾಯಿಯ ಉರಿ ಇನ್ನಷ್ಟು ಏರಿತು. ಅತಿಥಿಗಳು ಗ್ಲಾಸನ್ನು ಅರ್ಧಕ್ಕೇ ಬಿಟ್ಟರು.

ಮರುದಿನ ಆ ಅಂಕ ಕೊಟ್ಟಿದ್ದ ವಿಮರ್ಶೆಯನ್ನು ಹುಡುಕಿ ಪೂರ್ತಿ ಓದಿದೆ. ಇನ್ನೂ ಐದು ವರ್ಷ ಇಟ್ಟು ತೆರೆಯಬೇಕೆಂದು ಅದರಲ್ಲೇ ಬರೆದಿತ್ತು. ಕಪಾಟಿನ ಚೀಟಿಯಲ್ಲಿ ಆ ವಾಕ್ಯ ಇರಲಿಲ್ಲ, ಅಷ್ಟೆ.

ವೈನ್‌ಗೆ ನೂರಕ್ಕೆ ಇಷ್ಟೆಂದು ಅಂಕ ಕೊಡುವ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದವರು, 1978ರಲ್ಲಿ ತಮ್ಮದೇ ಪತ್ರಿಕೆ ಆರಂಭಿಸಿದ ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್. ಅವರ ಲೆಕ್ಕದಲ್ಲಿ ಪ್ರತಿ ವೈನ್‌ಗೂ ಮೊದಲೇ 50 ಅಂಕ ಸಿಗುತ್ತದೆ. ಮೇಲಿನ ಐವತ್ತರಲ್ಲಿ ಬಣ್ಣಕ್ಕೆ 5, ಪರಿಮಳಕ್ಕೆ 15, ರುಚಿ ಮತ್ತು ಅದು ಬಾಯಲ್ಲಿ ಉಳಿಯುವ ಬಗೆಗೆ 20, ಒಟ್ಟು ಗುಣಮಟ್ಟ ಹಾಗೂ ಮುಂದೆ ಮಾಗುವ ಶಕ್ತಿಗೆ 10. ಆದ್ದರಿಂದ 94 ಎಂಬುದು ಪರೀಕ್ಷೆಯ ಶೇಕಡಾವಾರು ಅಂಕದಂತಲ್ಲ. ಮುಂದೆ ಮಾಗೀತೆಂಬ ನಿರೀಕ್ಷೆಯೂ ಅದರಲ್ಲಿ ಸೇರಿರುತ್ತದೆ, ಊಟದ ಲೆಕ್ಕ ಮಾತ್ರ ಅದರಲ್ಲಿಲ್ಲ.

ಅಂಕ ಕೊಟ್ಟವರ ನಾಲಗೆಯನ್ನು ಅರಿಯದೆ ಅಂಕ ಅರ್ಥವಾಗುವುದಿಲ್ಲ ಎಂಬುದನ್ನು ನನಗೆ ಮನಗಾಣಿಸಿದ್ದು ಫ್ರಾನ್ಸಿನ ಬೋರ್ಡೋ ಪ್ರಾಂತದ ಶಾತೋ ಪಾವಿ ಎಂಬ ವೈನ್ ತಯಾರಕರ 2003ರ ವೈನ್. ಪೀಪಾಯಿಯಿಂದ ತೆಗೆದ ಮಾದರಿಯನ್ನು ಸವಿದ ಪಾರ್ಕರ್ ಅದನ್ನು ಅತ್ಯುನ್ನತ ಶ್ರೇಣಿಯಲ್ಲಿಟ್ಟರೆ, ಬ್ರಿಟನ್ನಿನ ವಿಮರ್ಶಕಿ ಜ್ಯಾನ್ಸಿಸ್ ರಾಬಿನ್ಸನ್ ಇಪ್ಪತ್ತಕ್ಕೆ 12 ಮಾತ್ರ ಕೊಟ್ಟರು. ತೀವ್ರ ಸೆಕೆಯ ಆ ವರ್ಷದಲ್ಲಿ ಅತಿಯಾಗಿ ಹಣ್ಣಾದ ದ್ರಾಕ್ಷಿಯ ದಟ್ಟತನ ಒಬ್ಬರಿಗೆ ಗುಣವಾಗಿ, ಇನ್ನೊಬ್ಬರಿಗೆ ದೋಷವಾಗಿ ಕಂಡಿತ್ತು. ಇನ್ನು ಒಬ್ಬರೇ ಎರಡು ಸಲ ಸವಿದರೂ ಅಂಕ ಕದಲುತ್ತದೆ: ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೈನ್ ಸ್ಪರ್ಧೆಯ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಗುರುತು ತಿಳಿಸದೆ ಮೂರು ಸಲ ಕೊಟ್ಟಾಗ, ಹತ್ತರಲ್ಲಿ ಸುಮಾರು ಒಬ್ಬ ತೀರ್ಪುಗಾರರು ಮಾತ್ರ ಒಂದೇ ಪದಕದ ಮಟ್ಟದಲ್ಲಿ ಉಳಿದಿದ್ದರು. ಇದನ್ನು ಓದಿದ ಮೇಲೆ 91 ಮತ್ತು 93ರ ನಡುವಿನ ಅಂತರಕ್ಕೆ ಹೆಚ್ಚು ಹಣ ಕೊಡುವುದನ್ನು ಬಿಟ್ಟೆ.

ಈಗಲೂ ಅಂಕವನ್ನು ನೋಡುತ್ತೇನೆ; ನೂರಾರು ಬಾಟಲಿಗಳ ನಡುವೆ ಏಳೆಂಟನ್ನು ಆರಿಸಿಕೊಳ್ಳಲು ಅದು ನಿಜಕ್ಕೂ ನೆರವಾಗುತ್ತದೆ. ಆಮೇಲೆ ಬರೆದವರ ಹೆಸರು, ಯಾವ ವರ್ಷ ಸವಿದದ್ದು, ಯಾವಾಗ ಕುಡಿಯಬೇಕೆಂದು ಹೇಳಿದ್ದಾರೆ ಎಂಬುದನ್ನು ನೋಡಿ, ಒಂದೇ ಬಾಟಲಿ ತಂದು ನಮ್ಮ ಊಟದೊಂದಿಗೆ ಸವಿದು, ನನ್ನ ಅನಿಸಿಕೆಯನ್ನು ವಿಮರ್ಶಕರ ಅಂಕದ ಪಕ್ಕದಲ್ಲೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಕೋಳಿಸಾರಿಗೆ ಒದಗಿದ್ದು 89 ಅಂಕದ, ತುಸು ಸಿಹಿಯಾದ, ಆಲ್ಕೋಹಾಲ್ ಕಡಿಮೆಯಿರುವ ಜರ್ಮನಿಯ ಬಿಳಿ ವೈನ್ ರೀಸ್ಲಿಂಗ್. ಉಳಿದ ಐದು ಕ್ಯಾಬರ್ನೆಗಳನ್ನು ತಂಪಾದ ಕತ್ತಲೆಯ ಬೀರುವಿನಲ್ಲಿಟ್ಟು ಆರು ವರ್ಷಗಳ ಬಳಿಕ ಹುರಿದ ಕುರಿಮಾಂಸದೊಂದಿಗೆ ತೆರೆದಾಗ, ಒಗರು ಮೆತ್ತಗಾಗಿ, 94 ಕೊಟ್ಟವರು ಏನನ್ನು ಕಂಡಿದ್ದರೆಂಬುದು ತಿಳಿಯಿತು.